ಗೂಡು ಎಲ್ಲಿ ಹೋಯಿತು? ಸೋಪಿನ ಅನ್‌ಬಾಕ್ಸಿಂಗ್ ವಿಡಿಯೋಗೆ ಒಂದು ಸ್ಕ್ರಿಪ್ಟ್

ಓದುಗರ ಪ್ರಶ್ನೆ: "ಶಿಡ್ಲಘಟ್ಟದಲ್ಲಿ ಮನೆಯಲ್ಲೇ ಸೋಪು ಮಾಡಿ ಮಾರುತ್ತೇನೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಜೊತೆಗೆ ರೇಷ್ಮೆ ಗೂಡನ್ನೂ ಕರಗಿಸಿ ಹಾಕುತ್ತೇನೆ. ಅನ್‌ಬಾಕ್ಸಿಂಗ್ ರೀಲ್ ಮಾಡಿದೆ. ರಿಬ್ಬನ್ ಬಿಚ್ಚುವುದು, ಪೇಪರ್ ತೆಗೆಯುವುದು ಎಲ್ಲ ನಿಧಾನವಾಗಿ ತೋರಿಸಿ ಕೊನೆಯಲ್ಲಿ ಸೋಪು ತೋರಿಸಿದೆ. ಒಂದು ನಿಮಿಷ ಹತ್ತು ಸೆಕೆಂಡ್ ಇದೆ. 'ಕೊನೆವರೆಗೂ ನೋಡಿ' ಅಂತ ಬರೆದಿದ್ದೆ. ನಾಲ್ಕನೇ ಸೆಕೆಂಡಿಗೇ ಮುಕ್ಕಾಲು ಜನ ಹೋಗಿಬಿಡುತ್ತಾರೆ. ಇನ್ನೂ ಜಾಸ್ತಿ ಮುಚ್ಚಿಡಬೇಕಾ? ಟ್ರೆಂಡಿಂಗ್ ಹಾಡು ಹಾಕಬೇಕಾ? ಕುತೂಹಲ ಬರೋ ಹಾಗೆ ಸ್ಕ್ರಿಪ್ಟ್ ಹೇಗೆ ಬರೆಯೋದು?"

ಉತ್ತರ:

ಇನ್ನೂ ಜಾಸ್ತಿ ಮುಚ್ಚಿಡಬೇಡಿ. ಈಗಲೇ ಜಾಸ್ತಿ ಮುಚ್ಚಿಟ್ಟಿದ್ದೀರಿ. ಅಲ್ಲೇ ತೊಂದರೆ ಇರುವುದು.

ಸಣ್ಣ ವ್ಯಾಪಾರಗಳಿಗೆ ವಿಡಿಯೋ ಸ್ಕ್ರಿಪ್ಟ್ ಬರೆಯುವ ನಾನು ಈ ತಪ್ಪು ತಿಳಿವಳಿಕೆಯನ್ನು ಮತ್ತೆ ಮತ್ತೆ ನೋಡುತ್ತೇನೆ. ತಡ ಮಾಡಿದರೆ ಕುತೂಹಲ ಹುಟ್ಟುತ್ತದೆ ಅಂದುಕೊಳ್ಳುತ್ತಾರೆ. ತಡದಿಂದ ಹುಟ್ಟುವುದು ಬೇಸರ. ಆಗಲೇ ಹುಟ್ಟಿರುವ ಕುತೂಹಲವನ್ನು ತಡ ಮಾಡಿ ಸ್ವಲ್ಪ ಹೊತ್ತು ಎಳೆಯಬಹುದು, ಅಷ್ಟೇ. ನಿಮ್ಮ ರೀಲಿನ ಮೊದಲ ನಾಲ್ಕು ಸೆಕೆಂಡಿನಲ್ಲಿ ನೋಡುವವರಿಗೆ ಸಿಗುವುದು ಒಂದು ಬಾಕ್ಸು, ಒಂದು ರಿಬ್ಬನ್ನು, ಎರಡು ಕೈ. ಒಳಗೆ ಏನಿದೆ ಅಂತ ಅವರಿಗೆ ಗೊತ್ತಿಲ್ಲ, ನಿಜ. ಆದರೆ ಗೊತ್ತಿಲ್ಲ ಅನ್ನುವ ನೆನಪೂ ಅವರಿಗಿಲ್ಲ. ಅವರ ತಲೆಯಲ್ಲಿ ಒಂದು ಪ್ರಶ್ನೆಯೂ ಎದ್ದಿಲ್ಲ. ಇನ್ನು ಖಾತೆಯ ಹೆಸರಿನಲ್ಲೇ ಸೋಪು ಅಂತಿದ್ದರಂತೂ ಮುಗಿಯಿತು. ಸೋಪಿನ ಬಾಕ್ಸಿನಲ್ಲಿ ಸೋಪಿರುತ್ತದೆ. ಕೊನೆವರೆಗೂ ಕಾದು ನೋಡುವಂಥದ್ದು ಏನಿದೆ?

ಕುತೂಹಲದ ಬಗ್ಗೆ ಜಾರ್ಜ್ ಲೋವೆನ್‌ಸ್ಟೈನ್ ಎಂಬ ಅಮೆರಿಕದ ಸಂಶೋಧಕ 1994ರಲ್ಲಿ ಬರೆದ ಪ್ರಬಂಧವನ್ನು ನಮ್ಮ ಕೆಲಸದಲ್ಲಿ ಈಗಲೂ ನೆನೆಯುತ್ತೇವೆ. ಅವರು ಹೇಳಿದ್ದು ಸರಳ. ನಮಗೆ ಗೊತ್ತಿರುವುದಕ್ಕೂ ತಿಳಿಯಬೇಕು ಅನಿಸುವುದಕ್ಕೂ ನಡುವೆ ಒಂದು ಸಂದು ಕಂಡಾಗ ಕುತೂಹಲ ಹುಟ್ಟುತ್ತದೆ. ಸಂದು ಕಾಣಬೇಕಾದರೆ ಮೊದಲು ಒಂದಿಷ್ಟು ಗೊತ್ತಿರಬೇಕು. ಏನೂ ಗೊತ್ತಿಲ್ಲದವನಿಗೆ ಸಂದೂ ಕಾಣುವುದಿಲ್ಲ.

ನಮ್ಮ ಒಗಟುಗಳು ಇದನ್ನು ಯಾವತ್ತೋ ಮಾಡಿ ತೋರಿಸಿವೆ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದ ಕೂಡಲೇ ಮಕ್ಕಳು ಯೋಚಿಸತೊಡಗುತ್ತಾರೆ. ಯಾಕೆಂದರೆ ಬಣ್ಣ ಸಿಕ್ಕಿದೆ, ಜಾಗ ಸಿಕ್ಕಿದೆ, ಮೊಸರು ಗಿಡದ ಮೇಲೆ ಯಾಕೆ ಅನ್ನುವ ತೊಡಕೂ ಸಿಕ್ಕಿದೆ. ಮಲ್ಲಿಗೆ ಅನ್ನುವ ಉತ್ತರ ಮಾತ್ರ ಬಾಕಿ. ಅದರ ಬದಲು "ನನ್ನ ಮನಸ್ಸಲ್ಲಿ ಏನೋ ಇದೆ, ಕೊನೆವರೆಗೂ ಕೂತ್ಕೊಳ್ಳಿ" ಅಂದರೆ ಯಾವ ಮಗುವೂ ಕೂರುವುದಿಲ್ಲ. "ಕೊನೆವರೆಗೂ ನೋಡಿ" ಅಂತ ಬರೆಯುವುದೂ ಇದೇ. ಅದನ್ನು ತೆಗೆದುಬಿಡಿ.

ಹಾಗಾಗಿ ಸ್ಕ್ರಿಪ್ಟ್ ಬರೆಯುವ ಮುಂಚೆ ತೀರ್ಮಾನ ಆಗಬೇಕಾದದ್ದು ಒಂದೇ: ನೋಡುವವರ ತಲೆಯಲ್ಲಿ ಯಾವ ಪ್ರಶ್ನೆ ಎಬ್ಬಿಸುತ್ತೀರಿ? ನಿಮಗೆ ಮೂರು ದಾರಿ ಇದೆ.

ಒಂದು, "ಈ ಬಾಕ್ಸಿನಲ್ಲಿ ಯಾವ ಸೋಪು ಬಂದಿದೆ ನೋಡೋಣ" ಅನ್ನುವ ಅಚ್ಚರಿ ಬಾಕ್ಸ್. ವಿಡಿಯೋಗೆ ಸುಲಭ. ಆದರೆ ಸೋಪು ಮೈಗೆ ಹಚ್ಚುವ ವಸ್ತು. ಒಬ್ಬರಿಗೆ ಒಂದು ಎಣ್ಣೆ ಆಗುವುದಿಲ್ಲ, ಇನ್ನೊಬ್ಬರಿಗೆ ಪರಿಮಳ ಆಗುವುದಿಲ್ಲ. ಏನು ಬರುತ್ತದೆ ಅಂತ ತಿಳಿಯದೆ ಕೊಂಡವರು ನಾಳೆ ತುರಿಕೆ ಅಂತ ಫೋನ್ ಮಾಡಿದರೆ ಉತ್ತರ ಕೊಡಬೇಕಾದವರು ನೀವು. ನನಗಂತೂ ಇದು ಬೇಡ ಅನಿಸುತ್ತದೆ.

ಎರಡು, ಗ್ರಾಹಕರಿಂದಲೋ ಸಾವಿರಾರು ಫಾಲೋವರ್ ಇರುವವರಿಂದಲೋ ಬಾಕ್ಸ್ ತೆಗೆಸುವುದು. ಮುಖದಲ್ಲಿ ನಿಜವಾದ ಅಚ್ಚರಿ ಸಿಗುತ್ತದೆ. ಆದರೆ ಪ್ರಶ್ನೆ ನಿಮ್ಮ ಕೈಯಲ್ಲಿ ಇರುವುದಿಲ್ಲ. ಅವರು ಮೊದಲ ಸೆಕೆಂಡಿಗೇ "ಸೋಪು ಬಂದಿದೆ" ಅಂದರೆ ಮುಗಿಯಿತು. ದುಡ್ಡು ಕೊಟ್ಟಿದ್ದರೆ, ಅಥವಾ ಸೋಪು ಪುಕ್ಕಟೆ ಕಳಿಸಿದ್ದರೂ ಕೂಡ, ಅದು ಜಾಹೀರಾತು ಅಂತ ವಿಡಿಯೋದಲ್ಲೇ ಕಾಣುವ ಹಾಗೆ ಹೇಳಬೇಕು. ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ಇದನ್ನೇ ಹೇಳುತ್ತದೆ.

ಮೂರನೆಯದು ನಿಮ್ಮ ಪ್ರಶ್ನೆಯಲ್ಲೇ ಇದೆ. ನೀವು ಅದನ್ನು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ: ರೇಷ್ಮೆ ಗೂಡನ್ನು ಕರಗಿಸಿ ಹಾಕುತ್ತೇನೆ! ಶಿಡ್ಲಘಟ್ಟದಲ್ಲಿ ಗೂಡು ಅಂದರೆ ದಿನಾ ನೋಡುವ ವಸ್ತು, ಅದಕ್ಕೇ ನಿಮಗೆ ವಿಶೇಷ ಅನಿಸಿಲ್ಲ. ಮಾರುಕಟ್ಟೆಯಲ್ಲಿ ರಾಶಿ ರಾಶಿ ಬೀಳುತ್ತದೆ, ರೀಲರ್‌ಗಳು ಕೊಂಡು ಹೋಗುತ್ತಾರೆ, ಬಿಸಿನೀರಿಗೆ ಹಾಕಿ ನೂಲು ಬಿಚ್ಚುತ್ತಾರೆ. ಆದರೆ ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ಇರುವ ನೋಡುಗರು ಗೂಡನ್ನು ಕೈಯಲ್ಲಿ ಹಿಡಿದವರಲ್ಲ. ಅದು ಸೋಪಿನಲ್ಲಿ ಕರಗಿರಬಹುದು ಅಂತ ನಿಮ್ಮೂರಿನವರೂ ಊಹಿಸುವುದಿಲ್ಲ. ಕುದಿವ ನೀರಲ್ಲೂ ಕರಗದ ನೂಲು ಅದು, ಅಲ್ವಾ?

ಹಾಗಾದರೆ ಮುಚ್ಚಿದ ಬಾಕ್ಸಿನ ಮುಂದೆ ಒಂದು ಗೂಡು ಹಿಡಿದು ತೋರಿಸಿ. ನಿಮ್ಮ ವಿಡಿಯೋದ ಮೊದಲ ಮಾತು ಹೀಗಿರಲಿ: "ಇಂಥದ್ದೇ ಒಂದು ಗೂಡು ಈ ಬಾಕ್ಸಲ್ಲಿದೆ. ಹುಡುಕಿದ್ರೂ ಸಿಗಲ್ಲ."

ಇದರಲ್ಲಿ ಮುಚ್ಚಿಟ್ಟಿದ್ದು ತುಂಬ ಕಡಿಮೆ. ಗೂಡು ತೋರಿಸಿದ್ದೀರಿ, ಬಾಕ್ಸ್ ತೋರಿಸಿದ್ದೀರಿ, ಅದು ಇದರೊಳಗಿದೆ ಅಂತಲೂ ಹೇಳಿದ್ದೀರಿ. "ಎಲ್ಲಿ?" ಅನ್ನುವುದೊಂದನ್ನೇ ಉಳಿಸಿಕೊಂಡಿದ್ದೀರಿ. ಬಾಕ್ಸಿನಲ್ಲಿ ಸೋಪಿದೆ ಅಂತ ನೋಡುವವರಿಗೆ ಮೊದಲೇ ಗೊತ್ತಿದ್ದರೂ ಈ ಪ್ರಶ್ನೆ ಕೆಡುವುದಿಲ್ಲ. ಈ ದಾರಿಯ ದೊಡ್ಡ ಲಾಭ ಅದೇ.

ಅಪಾಯವೂ ಇದೆ. ಮೊದಲನೆಯದು, ಆ ಮಾತು ನಿಜವಾಗಿರಬೇಕು. ನೀವು ಒಂದು ಅಚ್ಚಿಗೆ 100 ಗ್ರಾಂನ 12 ಸೋಪು ಮಾಡುತ್ತೀರಿ ಅಂದುಕೊಳ್ಳೋಣ. ಆ ಅಚ್ಚಿಗೆ ಎರಡೇ ಗೂಡು ಹಾಕಿ, ಒಂದೊಂದು ಬಾಕ್ಸಲ್ಲೂ "ಒಂದು ಗೂಡು ಇದೆ" ಅಂದರೆ ಅದು ಸುಳ್ಳು. 12 ಸೋಪಿಗೆ 12 ಗೂಡು ಹಾಕಿ. ಹುಳು ತೆಗೆದ ಗೂಡು ಅರ್ಧ ಗ್ರಾಂನಷ್ಟೂ ತೂಗುವುದಿಲ್ಲ. ಹನ್ನೆರಡು ಸೇರಿದರೂ ನಾಲ್ಕೈದು ಗ್ರಾಂ ಆಗಬಹುದು. ಖರ್ಚು ಏನೂ ಅಲ್ಲ, ಆದರೆ ನಿಮ್ಮ ಮಾತಿಗೆ ಆಧಾರ ಸಿಗುತ್ತದೆ. ಎರಡನೆಯದು, ರೇಷ್ಮೆ ಬೇಡ ಅನ್ನುವವರು ಇದ್ದಾರೆ. ನೂಲು ತೆಗೆಯಲು ಹುಳು ಸಾಯುತ್ತದೆ ಅನ್ನುವುದು ಅವರ ಕಾರಣ. ಅವರಿಗೆ ಕೊಂಡ ಮೇಲೆ ಗೊತ್ತಾದರೆ ಸಿಟ್ಟು ಬರುವುದು ಸಹಜ. ನಿಮ್ಮ ಸ್ಕ್ರಿಪ್ಟಿನಲ್ಲಿ ಗೂಡು ಮೊದಲ ಸೆಕೆಂಡಿಗೇ ಕಾಣುವುದರಿಂದ ಆ ಮಟ್ಟಿಗೆ ಪರವಾಗಿಲ್ಲ. ಲೇಬಲ್ಲಿನಲ್ಲೂ ರೇಷ್ಮೆ ಅಂತ ಬರೆದಿರಿ. ಚಿಟ್ಟೆ ಹೊರಬಂದು ತೂತಾದ ಗೂಡನ್ನು ಮೊಟ್ಟೆ ತಯಾರಿಸುವ ಕಡೆಯಿಂದ ತಂದು ಬಳಸುತ್ತಿದ್ದರೆ ಅದನ್ನು ಹೇಳಿ. ಹಾಗಿಲ್ಲದಿದ್ದರೆ "ಅಹಿಂಸಾ ರೇಷ್ಮೆ" ಅನ್ನುವ ಮಾತು ಎತ್ತಬೇಡಿ.

ಈಗ ಬಾಕ್ಸು. ನಿಮ್ಮ ಹಳೆಯ ವಿಡಿಯೋದಲ್ಲಿ ರಿಬ್ಬನ್, ಟಿಶ್ಯೂ ಪೇಪರ್, ಒಣ ಹೂವು, ಕಾರ್ಡು, ಎಲ್ಲ ಒಂದೊಂದಾಗಿ ಬರುತ್ತಿರಬೇಕು. ಚೆನ್ನಾಗೇ ಕಾಣುತ್ತದೆ. ಆದರೆ ಯಾವುದೂ ಪ್ರಶ್ನೆಯನ್ನು ಮುಂದೆ ಸರಿಸುವುದಿಲ್ಲ. ನಾನು ಬಳಸುವ ನಿಯಮ ಇದು: ತೆಗೆಯುವ ಒಂದೊಂದು ಪದರವೂ ನೋಡುವವರ ಒಂದು ಊಹೆಯನ್ನು ಸುಳ್ಳು ಮಾಡಬೇಕು. ಗೂಡು ಎಲ್ಲಿ ಅಂದಾಗ ಜನ ಮೊದಲು ಊಹಿಸುವುದು ಮುಚ್ಚಳದ ಕೆಳಗೆ ಅಂತ. ಆಮೇಲೆ ಪೇಪರಿನೊಳಗೆ. ಆಮೇಲೆ ಸೋಪಿನ ಹೊಟ್ಟೆಯಲ್ಲಿ ಹುದುಗಿಸಿದ್ದಾರೆ ಅಂತ. ಮೂರು ಊಹೆ, ಹಾಗಾಗಿ ಮೂರು ಪದರ. ನಾಲ್ಕನೆಯದು ಬೇಡ. ಒಣ ಹೂವನ್ನು ಗ್ರಾಹಕರಿಗೆ ಕಳಿಸುವ ಬಾಕ್ಸಿನಲ್ಲಿ ಇಟ್ಟುಕೊಳ್ಳಿ, ವಿಡಿಯೋದಲ್ಲಿ ಮಾತ್ರ ಬಿಡಿ.

ಸ್ಕ್ರಿಪ್ಟ್ ಹೀಗೆ ಬರೆಯಬಹುದು. ಒಟ್ಟು 36 ಸೆಕೆಂಡು.

0–3 ಸೆಕೆಂಡು. ಮುಚ್ಚಿದ ಬಾಕ್ಸು. ಅದರ ಮುಂದೆ ಎರಡು ಬೆರಳಲ್ಲಿ ಹಿಡಿದ ಗೂಡು, ಪರದೆಯ ನಡುವೆ ದೊಡ್ಡದಾಗಿ.
ದನಿ: "ಇಂಥದ್ದೇ ಒಂದು ಗೂಡು ಈ ಬಾಕ್ಸಲ್ಲಿದೆ. ಹುಡುಕಿದ್ರೂ ಸಿಗಲ್ಲ."
ಪರದೆಯ ಮೇಲೆ ಎರಡೇ ಪದ: "ಗೂಡು ಎಲ್ಲಿ?"

3–8 ಸೆಕೆಂಡು. ಗೂಡನ್ನು ಬಾಕ್ಸಿನ ಪಕ್ಕಕ್ಕೆ ಇಡುವುದು. ಅದು ಕೊನೆಯವರೆಗೂ ಅಲ್ಲೇ ಕಾಣುತ್ತಿರಬೇಕು. ಮುಚ್ಚಳ ತೆಗೆಯುವುದು. ಒಳಗೆ ಮಡಚಿದ ಕಾಗದ ಮಾತ್ರ.
ದನಿ: "ಮೇಲಿಲ್ಲ."

8–13 ಸೆಕೆಂಡು. ಕಾಗದ ಬಿಚ್ಚುವುದು, ಎತ್ತಿ ಕೊಡವುವುದು. ಏನೂ ಬೀಳುವುದಿಲ್ಲ. ಬಿಳಿ ಸೋಪು ಕಾಣುತ್ತದೆ.
ದನಿ: "ಕಾಗದದಲ್ಲೂ ಇಲ್ಲ. ಇರೋದು ಸೋಪು."

13–17 ಸೆಕೆಂಡು. ಸೋಪನ್ನು ಆ ಕಡೆ ಈ ಕಡೆ ತಿರುಗಿಸುವುದು. ಲೇಬಲ್ ಒಂದು ಕ್ಷಣ ಓದುವಷ್ಟು ಕಾಣಲಿ.
ದನಿ: "ಒಳಗಡೆ ಬಚ್ಚಿಟ್ಟಿದ್ದಾರೆ ಅಂತೀರಾ?"

17–22 ಸೆಕೆಂಡು. ಲೇಬಲ್ ತೆಗೆದ ಸೋಪು, ತಂತಿಯಿಂದ ನಡುವೆ ಕತ್ತರಿಸುವುದು. ಎರಡು ಹೋಳನ್ನೂ ಕ್ಯಾಮೆರಾ ಕಡೆ ತಿರುಗಿಸುವುದು. ಬರೀ ಬಿಳಿ.
ದನಿ ಇಲ್ಲ. ಕತ್ತರಿಸುವ ಸದ್ದು ಮಾತ್ರ. ಹೋಳು ತೋರಿಸಿದ ಮೇಲೆ: "ಊಹೂಂ."

22–30 ಸೆಕೆಂಡು. ಕತ್ತರಿಸಿದ ಗೂಡಿನ ಚೂರುಗಳು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿ ನೀರಿಗೆ ಬೀಳುವುದು. ಚೂರು ಮೆತ್ತಗಾಗಿ, ಅಂಚು ಮಾಸಿ, ಕಾಣದಾಗುವುದು.
ದನಿ: "ಗೂಡು ಕರಗಿಹೋಗಿದೆ. ಹನ್ನೆರಡು ಸೋಪಿಗೆ ಹನ್ನೆರಡು ಗೂಡು. ನಮ್ಮ ಶಿಡ್ಲಘಟ್ಟದ್ದೇ."
ಪರದೆಯ ಮೇಲೆ: ಸೋಪಿನ ಹೆಸರು, 100 ಗ್ರಾಂ, ಬೆಲೆ. ಮೂಲೆಯಲ್ಲಿ ಸಣ್ಣಕ್ಕೆ: "ವೇಗ ಹೆಚ್ಚಿಸಿದೆ. ಮನೆಯಲ್ಲಿ ಮಾಡಬೇಡಿ."

30–36 ಸೆಕೆಂಡು. ಕೈಯಲ್ಲಿ ನೊರೆ. ಪಕ್ಕದಲ್ಲಿ ಅದೇ ಗೂಡು.
ದನಿ: "ಬೇಕಿದ್ದರೆ ಮೆಸೇಜ್ ಮಾಡಿ. ಕೊರಿಯರ್ ಮಾಡ್ತೀವಿ."

ಬೆಲೆಯನ್ನು ಕೊನೆಗೆ ಇಡದೆ ಉತ್ತರದ ಜೊತೆಗೇ ಇಟ್ಟಿದ್ದೇನೆ, ಗಮನಿಸಿ. ಉತ್ತರ ಸಿಕ್ಕ ಕೂಡಲೇ ಜನ ಬೆರಳು ಮೇಲಕ್ಕೆ ಸರಿಸುತ್ತಾರೆ. ಅದು ನಿಮ್ಮ ತಪ್ಪಲ್ಲ, ಅವರಿಗೆ ಬೇಕಾದದ್ದು ಸಿಕ್ಕಿದೆ. ಹಾಗಾಗಿ ಕೊಳ್ಳಲು ಬೇಕಾದ ವಿವರ ಅವರು ಇನ್ನೂ ನೋಡುತ್ತಿರುವಾಗಲೇ ಕಣ್ಣಿಗೆ ಬೀಳಬೇಕು. ಅಂಗಡಿ ಹೆಸರನ್ನು ಮೊದಲೇ ಹಾಕೋಣ ಅಂತ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಮೊದಲ ಮೂರು ಸೆಕೆಂಡು ಗೂಡಿನದ್ದು.

ಶೂಟಿಂಗಿನಲ್ಲಿ ಕಷ್ಟದ ಶಾಟ್ ಒಂದೇ, ಕರಗಿಸುವುದು. ಇಡೀ ವಿಡಿಯೋ ಅದರ ಮೇಲೆ ನಿಂತಿದೆ. ಇಡೀ ಗೂಡು ಹಾಕಿದರೆ ಅದು ತೇಲುತ್ತಾ ಕೂರುತ್ತದೆ, ಒಳಗೆ ನೀರು ಇಳಿಯಲು ತುಂಬ ಹೊತ್ತು ಬೇಕು. ಕತ್ತರಿಯಲ್ಲಿ ಉಗುರಿನಷ್ಟು ಸಣ್ಣ ಚೂರು ಮಾಡಿ. ಕಾಸ್ಟಿಕ್ ಸೋಡಾ ನೀರಿಗೆ ಬಿದ್ದ ಕೂಡಲೇ ಬರುವ ಬಿಸಿಯಲ್ಲೇ ಚೂರು ಹಾಕಬೇಕು. ಆರಿದ ಮೇಲೆ ಹಾಕಿದರೆ ಕರಗುವುದು ನಿಧಾನವಾಗುತ್ತದೆ, ಅರ್ಧಂಬರ್ಧ ಎಳೆ ಉಳಿಯುತ್ತದೆ. ಉಳಿದರೆ ಜರಡಿ ಹಿಡಿದು ತೆಗೆಯಬೇಕಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಆದರೆ ಜರಡಿ ಹಿಡಿದ ದಿನ "ಪೂರ್ತಿ ಕರಗಿದೆ" ಅನ್ನುವ ವಿಡಿಯೋ ತೆಗೆಯಬೇಡಿ.

ನೀವು ದಿನಾ ಬಳಸುವ ಸ್ಟೀಲ್ ಪಾತ್ರೆಯಲ್ಲಿ ಇದು ಕಾಣುವುದಿಲ್ಲ. ಗಾಜಿನ ಲೋಟ ಚೆನ್ನಾಗಿ ಕಾಣುತ್ತದೆ ಅಂತ ಆಸೆಯಾಗುತ್ತದೆ, ಬೇಡ. ಕಾಸ್ಟಿಕ್ ನೀರು ಗಾಜನ್ನು ಸವೆಸುತ್ತದೆ, ಆ ಬಿಸಿಗೆ ಅದು ಒಡೆಯಲೂಬಹುದು. ಅಲ್ಯೂಮಿನಿಯಂ ಅಂತೂ ಮುಟ್ಟಲೇಬಾರದು, ಕಾಸ್ಟಿಕ್ ಜೊತೆ ಸೇರಿ ಹೈಡ್ರೋಜನ್ ಅನಿಲ ಬಿಡುತ್ತದೆ. ತಳದಲ್ಲಿ 5 ಅಂತ ಗುರುತಿರುವ, ಬೆಳಕು ಒಳಗೆ ಹಾಯುವ ಪಾಲಿಪ್ರೊಪಿಲಿನ್ ಜಗ್ ತೆಗೆದುಕೊಳ್ಳಿ. ಹಿಂದೆ ಕಪ್ಪು ಬಟ್ಟೆ ಹಾಕಿದರೆ ಬಿಳಿ ಚೂರು ಎದ್ದು ಕಾಣುತ್ತದೆ. ಮೊಬೈಲನ್ನು ಜಗ್ಗಿನ ಮೇಲೆ ಹಿಡಿಯಬೇಡಿ. ಆವಿ ಲೆನ್ಸಿಗೂ ಕೆಟ್ಟದ್ದು, ಬಗ್ಗಿ ನೋಡುವ ನಿಮಗೂ ಕೆಟ್ಟದ್ದು. ಸ್ಟ್ಯಾಂಡಿಗೆ ಹಾಕಿ, ಒಂದು ಮಾರು ದೂರದಿಂದ ಓರೆಯಾಗಿ ಜೂಮ್ ಮಾಡಿ. ಕೈಗವಸು ಫ್ರೇಮಿನಲ್ಲಿ ಕಾಣಲಿ, ಕನ್ನಡಕ ನಿಮ್ಮ ಕಣ್ಣಿಗೆ ಇರಲಿ. ಎಷ್ಟು ನೀರಿಗೆ ಎಷ್ಟು ಕಾಸ್ಟಿಕ್ ಅಂತ ವಿಡಿಯೋದಲ್ಲಿ ಹೇಳಬೇಡಿ. ನೋಡಿದವರು ಅಡುಗೆಮನೆಯಲ್ಲಿ ಮಾಡಲು ಹೋಗುತ್ತಾರೆ.

ಕತ್ತರಿಸುವ ಸೋಪು ಮತ್ತು ನೊರೆ ಬರಿಸುವ ಸೋಪು ಬೇರೆ ಬೇರೆ ಇರಬೇಕು. ನಾಲ್ಕಾರು ವಾರ ಒಣಗಿದ ಸೋಪು ಗಟ್ಟಿಯಾಗಿರುತ್ತದೆ, ಕತ್ತರಿಸಿದರೆ ಪುಡಿ ಉದುರಿ ಅಂಚು ಮುರಿಯುತ್ತದೆ. ಕತ್ತರಿಸಲು ಒಂದು ವಾರದ ಸೋಪು ಸಾಕು, ತಂತಿ ಬೆಣ್ಣೆಯ ಹಾಗೆ ಹಾಯುತ್ತದೆ. ಅದನ್ನು ಕೈಗೆ ಹಚ್ಚಿ ನೊರೆ ತೋರಿಸಬೇಡಿ. ನೊರೆಗೆ ಪೂರ್ತಿ ಒಣಗಿದ್ದೇ ಬೇಕು.

ನೊರೆಯ ಬಗ್ಗೆ ಇನ್ನೊಂದು ಮಾತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೋರ್‌ವೆಲ್ ನೀರು ಗಡಸು ಅಂತ ನಾನು ಹೇಳಬೇಕಿಲ್ಲ. ಗಡಸು ನೀರಲ್ಲಿ ಸೋಪಿನ ನೊರೆ ಕಡಿಮೆ, ಬಿಳಿ ಗಸಿ ಜಾಸ್ತಿ. ಫಿಲ್ಟರ್ ನೀರಲ್ಲಿ ದಪ್ಪ ನೊರೆ ತೆಗೆದು ತೋರಿಸಿದರೆ ವಿಡಿಯೋ ಚೆನ್ನಾಗಿ ಬರುತ್ತದೆ. ಆದರೆ ಚಿಂತಾಮಣಿಯ ಗ್ರಾಹಕರು ಬಚ್ಚಲಲ್ಲಿ ಅಷ್ಟು ನೊರೆ ಕಾಣದೆ ಮೋಸ ಹೋದೆವು ಅಂದುಕೊಳ್ಳುತ್ತಾರೆ. ನಿಮ್ಮ ನಲ್ಲಿ ನೀರಲ್ಲೇ ತೆಗೆಯಿರಿ. ಕೊಬ್ಬರಿ ಎಣ್ಣೆ ಇರುವುದರಿಂದ ಒಂದಿಷ್ಟು ನೊರೆ ಬಂದೇ ಬರುತ್ತದೆ.

ಹಾಡು ಬೇಡ. ಬಿಸಿನೆಸ್ ಖಾತೆಗೆ ಹೆಚ್ಚಿನ ಸಿನಿಮಾ ಹಾಡು ಸಿಗುವುದೂ ಇಲ್ಲ, ಬೇರೆ ದಾರಿಯಲ್ಲಿ ಹಾಕಿದರೆ ದನಿಯನ್ನೇ ತೆಗೆದುಹಾಕಬಹುದು. ಅದಕ್ಕಿಂತ ಮುಖ್ಯವಾಗಿ, ಈ ಸ್ಕ್ರಿಪ್ಟಿನಲ್ಲಿ ಸದ್ದಿಗೆ ಕೆಲಸ ಇದೆ. ಮುಚ್ಚಳದ ಸದ್ದು, ಕಾಗದದ ಸರಸರ, ತಂತಿ ಸೋಪಿನಲ್ಲಿ ಇಳಿಯುವ ಸದ್ದು. ಫ್ಯಾನ್ ಆರಿಸಿ, ಕಿಟಕಿ ಪಕ್ಕ ಬೆಳಗಿನ ಬೆಳಕಲ್ಲಿ ತೆಗೆಯಿರಿ. ಮಾತನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸಿ. ನಿಮ್ಮ ಊರಿನ ಮಾತಿನ ಧಾಟಿಯಲ್ಲೇ ಹೇಳಿ, ವಾರ್ತೆ ಓದಿದ ಹಾಗೆ ಬೇಡ. ಶೂಟ್ ಮಾಡುವಾಗ ಪರದೆಯ ಮೇಲೆ ಗೂಡನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಇಲ್ಲದಿದ್ದರೆ ಕೈ ಅಡ್ಡ ಬಂದಾಗಲೆಲ್ಲ ಚಿತ್ರ ಮಸುಕಾಗುತ್ತದೆ. ಬರಹವನ್ನು ಪರದೆಯ ಕೆಳಗಿನ ಕಾಲು ಭಾಗದಲ್ಲೂ ಬಲ ಅಂಚಿನಲ್ಲೂ ಇಡಬೇಡಿ. ಅಲ್ಲಿ ಕ್ಯಾಪ್ಷನ್ನು, ಲೈಕ್ ಬಟನ್ನು ಕೂರುತ್ತವೆ.

ಇಷ್ಟೆಲ್ಲ ಮಾಡಿದ ಮೇಲೆ ಕವರ್ ಚಿತ್ರದಲ್ಲಿ ಎಲ್ಲ ಹಾಳು ಮಾಡಿಕೊಳ್ಳುವವರಿದ್ದಾರೆ. ಅಪ್‌ಲೋಡ್ ಮಾಡುವಾಗ ಚೆನ್ನಾಗಿ ಕಾಣುವ ಫ್ರೇಮ್ ಅಂತ ಗೂಡು ಕರಗುವ ಚಿತ್ರವನ್ನೇ ಕವರಿಗೆ ಹಾಕುತ್ತಾರೆ. ಕ್ಯಾಪ್ಷನ್ನಿನ ಮೊದಲ ಸಾಲಿಗೆ "ಕರಗಿಸಿದ ರೇಷ್ಮೆಯ ಸೋಪು" ಅಂತ ಬರೆಯುತ್ತಾರೆ. ಉತ್ತರ ಮೊದಲೇ ಕೊಟ್ಟ ಹಾಗಾಯಿತು. ಕವರಿಗೆ ಮೊದಲ ಫ್ರೇಮನ್ನೇ ಹಾಕಿ. ಕ್ಯಾಪ್ಷನ್ನಿನ ಮೊದಲ ಸಾಲು ಪ್ರಶ್ನೆಯಾಗಿರಲಿ. ಏನೇನು ಹಾಕಿದ್ದೀರಿ ಅನ್ನುವ ಪಟ್ಟಿ, ರೇಷ್ಮೆಯೂ ಸೇರಿ, ಅದರ ಕೆಳಗೆ ಬರಲಿ. ಹ್ಯಾಷ್‌ಟ್ಯಾಗಿನಲ್ಲೂ ಉತ್ತರ ಇಣುಕದಂತೆ ನೋಡಿಕೊಳ್ಳಿ.

ಮಾತಿನಲ್ಲಿ ಒಂದು ಗೆರೆ ದಾಟಬೇಡಿ. ರೇಷ್ಮೆ ಕರಗಿಸಿದ ಸೋಪಿನ ನೊರೆ ನುಣುಪಾಗಿರುತ್ತದೆ ಅನ್ನಬಹುದು, ಅದಕ್ಕೇ ಅಲ್ವಾ ಸೋಪು ಮಾಡುವವರು ಅದನ್ನು ಹಾಕುವುದು. "ರೇಷ್ಮೆ ಪ್ರೋಟೀನ್ ಚರ್ಮದೊಳಗೆ ಇಳಿದು ಸುಕ್ಕು ಹೋಗುತ್ತದೆ", "ಇಸುಬು ವಾಸಿಯಾಗುತ್ತದೆ" ಅನ್ನಬಾರದು. ಹಚ್ಚಿ ಅರ್ಧ ನಿಮಿಷಕ್ಕೆ ತೊಳೆದುಹೋಗುವ ವಸ್ತು ಇದು. ಕಾನೂನಿನಲ್ಲೂ, ಕಾಯಿಲೆ ವಾಸಿ ಮಾಡುತ್ತದೆ ಅಂದ ಕೂಡಲೇ ಅದು ಸೌಂದರ್ಯವರ್ಧಕ ಅಲ್ಲ, ಔಷಧಿ ಅನ್ನುವ ಲೆಕ್ಕಕ್ಕೆ ಹೋಗುತ್ತದೆ. ಮೈಸೋಪನ್ನು ಮಾರಾಟಕ್ಕೆ ತಯಾರಿಸಲು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು, ಮನೆಯಲ್ಲಿ ಮಾಡಿದರೂ ಅಷ್ಟೇ. ನಮ್ಮ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳನ್ನು ಕೇಳಬೇಕು. ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, 13ನೇ ಸೆಕೆಂಡಿನಲ್ಲಿ ಲೇಬಲ್ ಕಾಣುತ್ತದೆ. ವಿಡಿಯೋ ನಿಲ್ಲಿಸಿ ಓದುವವರು ಇರುತ್ತಾರೆ. ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ವಿಳಾಸ, ಲೈಸೆನ್ಸ್ ಸಂಖ್ಯೆ ಇಲ್ಲದ ಲೇಬಲ್ಲನ್ನು ಅಷ್ಟು ಹತ್ತಿರದಿಂದ ತೋರಿಸಿದರೆ ನೀವೇ ದಾಖಲೆ ಕೊಟ್ಟ ಹಾಗೆ. ಲೈಸೆನ್ಸ್ ಇನ್ನೂ ಇಲ್ಲದಿದ್ದರೆ ಮೊದಲು ಅದು, ಆಮೇಲೆ ರೀಲು.

ಹಾಕಿ ಎರಡು ಮೂರು ದಿನ ಆದ ಮೇಲೆ ಇನ್‌ಸೈಟ್ಸ್ ತೆರೆದು, ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಅನ್ನುವ ಗೆರೆ ನೋಡಿ. ಮೊದಲ ಮೂರು ಸೆಕೆಂಡಿನಲ್ಲಿ ಸ್ವಲ್ಪ ಬೀಳುವುದು ಎಲ್ಲರಿಗೂ ಆಗುತ್ತದೆ. ಆದರೆ ಅಲ್ಲೇ ಹಳೆಯ ವಿಡಿಯೋದಷ್ಟು ಬಿದ್ದರೆ, ಗೂಡು ಸಣ್ಣದಾಗಿ ಕಂಡಿದೆ ಅಥವಾ ಮಾತು ತಡವಾಗಿ ಶುರುವಾಗಿದೆ. ಮೊದಲ ಪದ ಅರ್ಧ ಸೆಕೆಂಡಿನೊಳಗೆ ಕೇಳಬೇಕು. 8ರಿಂದ 17ರ ನಡುವೆ ಜಾರಿದರೆ ಕಾಗದ ಬಿಚ್ಚುವುದು ಉದ್ದವಾಗಿದೆ, ಎರಡು ಸೆಕೆಂಡು ಕತ್ತರಿಸಿ. 17ರಲ್ಲಿ, ಸೋಪು ಕತ್ತರಿಸುವ ಮುಂಚೆ ಬಿದ್ದರೆ, "ಒಳಗಡೆ ಬಚ್ಚಿಟ್ಟಿದ್ದಾರೆ ಅಂತೀರಾ?" ಅನ್ನುವ ಮಾತು ಜನರ ಊಹೆಗೆ ತಾಗಿಲ್ಲ. ಕಾಮೆಂಟಿನಲ್ಲಿ ಅವರು ನಿಜವಾಗಿ ಏನು ಊಹಿಸಿದ್ದಾರೆ ನೋಡಿ, ಅದನ್ನೇ ಆ ಜಾಗಕ್ಕೆ ಹಾಕಿ. 26ರ ಆಚೆ ಬಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಬಾರಿಗೆ ಒಂದನ್ನೇ ಬದಲಿಸಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಕೊನೆಗೆ, "ಅಯ್ಯೋ, ಕಾಸ್ಟಿಕ್ ಸೋಡಾ ಮೈಗೆ ಹಚ್ಚಬೇಕಾ?" ಅನ್ನುವ ಕಾಮೆಂಟ್ ಗ್ಯಾರಂಟಿ ಬರುತ್ತದೆ. ಅಳಿಸಬೇಡಿ, ಜಗಳಕ್ಕೂ ಹೋಗಬೇಡಿ. ವಿಡಿಯೋ ಹಾಕಿದ ದಿನವೇ ನಿಮ್ಮ ಕಡೆಯಿಂದ ಒಂದು ಕಾಮೆಂಟ್ ಬರೆದು ಪಿನ್ ಮಾಡಿಬಿಡಿ. ಹೀಗೆ ಬರೆಯಬಹುದು: "ಎಣ್ಣೆ ಸೋಪಾಗಬೇಕಾದರೆ ಕಾಸ್ಟಿಕ್ ಬೇಕೇ ಬೇಕು. ಎಣ್ಣೆಯ ಜೊತೆ ಸೇರಿ ಅದು ಪೂರ್ತಿ ಸೋಪಾಗಿ ಬದಲಾಗುತ್ತದೆ. ಕಾಸ್ಟಿಕ್ ಉಳಿಯಬಾರದು ಅಂತಲೇ ಲೆಕ್ಕಕ್ಕಿಂತ ಸ್ವಲ್ಪ ಎಣ್ಣೆ ಜಾಸ್ತಿ ಹಾಕುತ್ತೇವೆ, ಆಮೇಲೆ ನಾಲ್ಕು ವಾರಕ್ಕೂ ಹೆಚ್ಚು ಒಣಗಿಸುತ್ತೇವೆ. ಇದರಲ್ಲಿ ರೇಷ್ಮೆ ಇದೆ. ರೇಷ್ಮೆ ಬೇಡದವರಿಗೆ ರೇಷ್ಮೆ ಇಲ್ಲದ ಸೋಪೂ ಇದೆ, ಕೇಳಿ." ಕೊನೆಯ ಸಾಲನ್ನು ನಿಜವಾಗಿ ಅಂಥ ಸೋಪು ಮಾಡುತ್ತಿದ್ದರೆ ಮಾತ್ರ ಸೇರಿಸಿ.